ಒಡೆತನ ಬಂದ ಮೇಲೂ ಅಕ್ಕಿ ವಾಪಸ್ ಕೊಡಬಹುದಾ? ಟೆಸ್ಟ್ ಪ್ರಶ್ನೆಯ ಉತ್ತರ ಯಾವುದು?

ಶ್ವೇತಾ (ಡೊಂಬಿವಲಿ)

ಎಲ್ಲರಿಗೂ ನಮಸ್ಕಾರ. ಹಗಲು ಆಫೀಸು, ಸಂಜೆ ಕಾನೂನು ಕಾಲೇಜು. ಹೋದ ವಾರ ಕೋಚಿಂಗ್ ಕ್ಲಾಸಿನ ಟೆಸ್ಟಿನಲ್ಲಿ 1930ರ ಸರಕು ಮಾರಾಟ ಕಾಯ್ದೆಯ ಮೇಲೆ ಒಂದು ಪ್ರಶ್ನೆ ಬಂತು. ಅದರ ಉತ್ತರದ ಬಗ್ಗೆ ಕ್ಲಾಸಿನಲ್ಲಿ ಇನ್ನೂ ಜಗಳ ನಿಂತಿಲ್ಲ. ಇಲ್ಲಿ ವಕೀಲರೂ ವ್ಯಾಪಾರದವರೂ ಇದ್ದೀರಿ, ಸ್ವಲ್ಪ ನೋಡಿ.

ಪ್ರಶ್ನೆ ಇದು. ಠಾಣೆಯ ಹೋಟೆಲಿನವನೊಬ್ಬ ವಾಶಿ ಮಾರ್ಕೆಟಿನ ವರ್ತಕನ ಗೋದಾಮಿಗೆ ಹೋಗುತ್ತಾನೆ. ಅಲ್ಲಿ ಒಂದು ಮೂಲೆಯಲ್ಲಿ ಬೇರೆ ಜೋಡಿಸಿಟ್ಟ 40 ಮೂಟೆ ಅಕ್ಕಿ ತೋರಿಸುತ್ತಾರೆ. ‘ಒಂದು ವರ್ಷ ಹಳೆಯ ಅಕ್ಕಿ’ ಎಂದು ವರ್ತಕ ಹೇಳುತ್ತಾನೆ. ಬಿಲ್ಲಿನಲ್ಲೂ ಹಾಗೇ ಬರೆಯುತ್ತಾನೆ. ಆ 40 ಮೂಟೆಯನ್ನೇ ಒಟ್ಟು 62,000 ರೂಪಾಯಿಗೆ ಹೋಟೆಲಿನವನು ಕೊಳ್ಳುತ್ತಾನೆ. ಮಾಲು ಮೂರು ದಿನ ಬಿಟ್ಟು, ಹಣ ತಿಂಗಳ ಕೊನೆಗೆ. ಮಾಲು ಬಂದ ಮೇಲೆ ಒಂದು ಮೂಟೆ ಬಿಚ್ಚಿ ಅನ್ನ ಮಾಡಿದರೆ ಎಲ್ಲ ಮುದ್ದೆ. ಅದು ಈ ಸಲದ ಹೊಸ ಅಕ್ಕಿ. ಈಗ ಅವನು ಏನು ಮಾಡಬಹುದು?

ಎ) ಹಳೆಯದು ಎಂಬ ಮಾತು ಬರೀ ವಾರಂಟಿ. ಅಕ್ಕಿ ಇಟ್ಟುಕೊಂಡು ನಷ್ಟ ಕೇಳಬಹುದು, ಅಷ್ಟೇ.

ಬಿ) ಅದು ಕಂಡಿಷನ್ನೇ. ಆದರೆ ಮಾತಾದ ಕ್ಷಣವೇ ಒಡೆತನ ಅವನಿಗೆ ಬಂದುಬಿಟ್ಟಿದೆ. ಹಾಗಾಗಿ ವಾಪಸ್ ಮಾಡುವಂತಿಲ್ಲ, ನಷ್ಟ ಮಾತ್ರ ಕೇಳಬಹುದು.

ಸಿ) ಅದು ಕಂಡಿಷನ್. ಒಡೆತನ ಬಂದಿದ್ದರೂ ಅವನು ಮಾಲನ್ನು ಇನ್ನೂ ಒಪ್ಪಿಕೊಂಡಿಲ್ಲ. ವಾಪಸ್ ಮಾಡಬಹುದು.

ಡಿ) ಹಣ ಕೊಡುವವರೆಗೆ ಅಕ್ಕಿ ವರ್ತಕನದ್ದೇ. ಆದ್ದರಿಂದ ವಾಪಸ್ ಮಾಡಬಹುದು.

ನಾನು ಸಿ ಹಾಕಿದೆ. ಕ್ಲಾಸಿನ ಉತ್ತರಪಟ್ಟಿ ಬಿ ಅನ್ನುತ್ತದೆ. ಅರ್ಧ ಕ್ಲಾಸು ಡಿ ಹಾಕಿದೆ.

ಪಾಟೀಲ (ಪುಣೆ)

ಇದರಲ್ಲಿ ಯೋಚನೆ ಮಾಡೋದೇನಿದೆ? ಡಿ. ದುಡ್ಡೇ ಕೊಟ್ಟಿಲ್ಲ, ಮಾಲೀಕ ಹೇಗಾಗುತ್ತಾನೆ?

ಹೆಗಡೆ (ಫೋರ್ಟ್, ಮುಂಬೈ)

ಪಾಟೀಲರೇ, ಡಿ ಮೊದಲು ಬಿಟ್ಟುಬಿಡಿ. ಸೆಕ್ಷನ್ 20 ಸರಿಯಾಗಿ ಈ ಸಂದರ್ಭಕ್ಕೇ ಬರೆದ ಹಾಗಿದೆ. ಯಾವ ಮಾಲು ಅಂತ ಗೊತ್ತಾಗಿದೆ, ಆ ಮೂಲೆಯ ಆ 40 ಮೂಟೆಯೇ. ಎತ್ತಿಕೊಂಡು ಹೋಗುವ ಸ್ಥಿತಿಯಲ್ಲಿದೆ. ವ್ಯವಹಾರಕ್ಕೆ ಬೇರೆ ಷರತ್ತು ಹಾಕಿಲ್ಲ. ಹಾಗಿದ್ದರೆ ಮಾತಾದ ಕ್ಷಣಕ್ಕೇ ಒಡೆತನ ದಾಟುತ್ತದೆ. ಹಣ ಆಮೇಲೆ, ಮಾಲು ಆಮೇಲೆ ಅಂತ ಇಟ್ಟುಕೊಂಡರೂ ಅದಕ್ಕೆ ತೊಂದರೆಯಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಹಣ ಬರುವವರೆಗೆ ಒಡೆತನ ತನ್ನಲ್ಲೇ ಇರಬೇಕು ಅಂತ ವರ್ತಕನಿಗೆ ಅನ್ನಿಸಿದ್ದರೆ ಅವನು ಹಾಗೆ ಮಾತಾಡಿಕೊಳ್ಳಬೇಕಿತ್ತು. ಇಲ್ಲಿ ಮಾತಾಡಿಲ್ಲ.

ಪಾಟೀಲ (ಪುಣೆ)

ಹಾಗಾದರೆ ವರ್ತಕನಿಗೆ ರಕ್ಷಣೆಯೇ ಇಲ್ಲ ಅನ್ನಿ.

ಹೆಗಡೆ (ಫೋರ್ಟ್, ಮುಂಬೈ)

ಇದೆ, ಆದರೆ ಅದು ಬೇರೆ ದಾರಿ. ಹಣ ಬಾರದಿದ್ದರೆ, ಕೈಯಲ್ಲಿರುವ ಮಾಲನ್ನು ತಡೆದಿಟ್ಟುಕೊಳ್ಳುವ ಹಕ್ಕು ಅವನಿಗಿದೆ. ಒಡೆತನ ದಾಟಿದ್ದರೂ ಇದೆ. ಆದರೆ ತಿಂಗಳ ಕೊನೆಯವರೆಗೆ ಸಾಲ ಅಂತ ತಾನೇ ಒಪ್ಪಿದ್ದಾನಲ್ಲ, ಕೊಂಡವನು ದಿವಾಳಿಯಾದರೆ ಮಾತು ಬೇರೆ, ಇಲ್ಲದಿದ್ದರೆ ಆ ಗಡುವಿನೊಳಗೆ ತಡೆದಿಡಲೂ ಬರುವುದಿಲ್ಲ.

ಮಾಲಿನಿ (ಮಡಗಾಂವ್)

ವಾರಂಟಿ ವಿಷಯ ಅಂತ ನೋಡಿ ಓಡಿ ಬಂದೆ. ನಮ್ಮ ಫ್ರಿಜ್ಜು ವಾರಂಟಿ ಮುಗಿದ ಮರುವಾರವೇ ಕೆಟ್ಟಿದೆ. ಅಂಗಡಿಯವರು ಕಾರ್ಡ್ ನೋಡಿ ಕೈ ಎತ್ತಿಬಿಟ್ಟರು. ಇದು ಕಂಡಿಷನ್ನಾ ವಾರಂಟಿನಾ?

ಶ್ವೇತಾ (ಡೊಂಬಿವಲಿ)

ಮಾಲಿನಿ ಅಕ್ಕಾ, ಇಲ್ಲಿ ಅಕ್ಕಿ ವಿಷಯ ನಡೀತಿದೆ 😄

ಹೆಗಡೆ (ಫೋರ್ಟ್, ಮುಂಬೈ)

ಇರಲಿ, ಚಿಕ್ಕದಾಗಿ ಹೇಳುತ್ತೇನೆ. ಮಾಲಿನಿ ಅವರೇ, ಆ ಕಾರ್ಡು ಕಂಪನಿ ತಾನಾಗಿ ಕೊಟ್ಟ ಮಾತು. ಇಷ್ಟು ತಿಂಗಳೊಳಗೆ ಕೆಟ್ಟರೆ ರಿಪೇರಿ ಮಾಡುತ್ತೇವೆ ಅಂತ. ಮಾರುವಾಗ ಫ್ರಿಜ್ಜು ಮಾರಾಟಕ್ಕೆ ಯೋಗ್ಯವಾಗಿರಬೇಕು ಎಂಬ ಹೊಣೆ ಅಂಗಡಿಯವನ ಮೇಲೆ ಬೇರೆಯೇ ಇದೆ. ಕಾರ್ಡಿನ ತಾರೀಖು ಮುಗಿದರೆ ಅದು ತಾನಾಗಿ ಹೋಗುವುದಿಲ್ಲ. ಆದರೆ ಕೊಂಡ ದಿನವೇ ಒಳಗೆ ದೋಷ ಇತ್ತು ಎಂದು ನೀವು ತೋರಿಸಬೇಕು. ಕಷ್ಟ ಅಲ್ಲೇ ಇರೋದು. ಮೆಕ್ಯಾನಿಕ್ ಹತ್ತಿರ ಏನು ಕೆಟ್ಟಿದೆ, ಯಾಕೆ ಕೆಟ್ಟಿದೆ ಅಂತ ಬರೆಸಿಕೊಳ್ಳಿ. ಮನೆಗೆ ಕೊಂಡದ್ದಾದ್ದರಿಂದ ನಿಮಗೆ ಗ್ರಾಹಕರ ಆಯೋಗದ ದಾರಿಯಿದೆ. ದೂರು ಕೊಡಲು 2 ವರ್ಷದ ಗಡುವು.

ಮಾಲಿನಿ (ಮಡಗಾಂವ್)

ಮೆಕ್ಯಾನಿಕ್ ಕನ್ನಡ ಬಿಟ್ಟು ಎಲ್ಲ ಭಾಷೆಯಲ್ಲೂ ಮಾತಾಡ್ತಾನೆ, ಬರೆದುಕೊಡು ಅಂದರೆ ಮಾತ್ರ ಸುಮ್ಮನಾಗ್ತಾನೆ. ನೋಡ್ತೀನಿ. ಥ್ಯಾಂಕ್ಸ್ ಸರ್.

ಕಾಮತ್ (ವಾಶಿ, ದಾಣಾ ಮಾರ್ಕೆಟ್)

ನಾನು ಕಾಳು-ಅಕ್ಕಿ ಅಂಗಡಿಯಲ್ಲೇ ಲೆಕ್ಕ ಬರೆಯುವವನು. ಪ್ರಶ್ನೆ ಬರೆದವರು ಮಾರ್ಕೆಟ್ ನೋಡಿಲ್ಲ ಅನ್ನಿಸುತ್ತೆ. ಇಲ್ಲಿ ಯಾರೂ ‘ಮೂಲೆಯ ರಾಶಿ ಒಟ್ಟು ಇಷ್ಟು’ ಅಂತ ಸುಲಭಕ್ಕೆ ಕೊಳ್ಳೋದಿಲ್ಲ. ಕಿಲೋಗೆ ಇಷ್ಟು, ತೂಕ ಮಾಡಿ ಬಂದಷ್ಟಕ್ಕೆ ಬಿಲ್ಲು. ತೂಗಿ ಆದ ಮೇಲೇ ಹಮಾಲರು ಟೆಂಪೋಗೆ ಹಾಕೋದು. ಹಾಗಿದ್ದರೆ ಒಡೆತನ ಯಾವಾಗ ದಾಟುತ್ತೆ? ಮಾತಾದಾಗಲೋ, ತೂಗಿದಾಗಲೋ?

ಹೆಗಡೆ (ಫೋರ್ಟ್, ಮುಂಬೈ)

ಒಳ್ಳೆಯ ಪ್ರಶ್ನೆ. ಕಿಲೋ ದರ ಅಂತ ಮಾತಾಗಿ, ಬೆಲೆ ಗೊತ್ತಾಗಲು ಮಾರುವವನೇ ತೂಗಬೇಕು ಅಂತಿದ್ದರೆ ಸೆಕ್ಷನ್ 22 ಬರುತ್ತದೆ. ತೂಕ ಮುಗಿಯಬೇಕು, ಮುಗಿದಿದೆ ಅಂತ ಕೊಂಡವನಿಗೆ ಗೊತ್ತಾಗಬೇಕು. ಅಲ್ಲಿಯವರೆಗೆ ಮಾಲು ಮಾರುವವನದ್ದೇ. ಎರಡನೆಯ ಭಾಗವನ್ನು ಪರೀಕ್ಷೆಯಲ್ಲಿ ತುಂಬಾ ಮಕ್ಕಳು ಮರೆಯುತ್ತಾರೆ. ತೂಗಿ ಇಟ್ಟು ಫೋನೇ ಮಾಡದಿದ್ದರೆ ಒಡೆತನ ದಾಟಿಲ್ಲ.

ಆದರೆ ತೂಗುವ ಕೆಲಸ ಕೊಂಡವನದ್ದು ಅಂತ ಮಾತಾಗಿದ್ದರೆ 22 ಬರುವುದಿಲ್ಲ. ತನ್ನ ಹೋಟೆಲಿಗೆ ಒಯ್ದು ತನ್ನ ಸಮಾಧಾನಕ್ಕೆ ತೂಗುವುದು ಒಡೆತನವನ್ನು ತಡೆದು ನಿಲ್ಲಿಸುವುದಿಲ್ಲ. ಇದನ್ನು 1863ರ ಒಂದು ಇಂಗ್ಲಿಷ್ ಕೇಸಿನಲ್ಲೇ ಹೇಳಿಯಾಗಿದೆ.

ಕಾಮತ್ (ವಾಶಿ, ದಾಣಾ ಮಾರ್ಕೆಟ್)

ಅಂದರೆ ತೂಕ ಮಾಡೋದಕ್ಕೆ ಮುಂಚೆ ರಾತ್ರಿ ಗೋದಾಮಿಗೆ ಬೆಂಕಿ ಬಿದ್ದರೆ ನಮ್ಮ ಸೇಠ್‌ಗೆ ನಷ್ಟ. ತೂಗಿ ವಾಟ್ಸಾಪ್ ಮಾಡಿದ ಮೇಲೆ ಬಿದ್ದರೆ ಹೋಟೆಲಿನವರಿಗೆ. ಒಂದು ಮೆಸೇಜಿನ ಮೇಲೆ ನಿಂತಿದೆ ಅನ್ನಿ.

ಹೆಗಡೆ (ಫೋರ್ಟ್, ಮುಂಬೈ)

ಬೇರೆ ಮಾತು ಇಲ್ಲದಿದ್ದರೆ, ಹೌದು. ಒಡೆತನ ಎಲ್ಲಿರುತ್ತದೋ ನಷ್ಟದ ಭಾರ ಅಲ್ಲಿ. ಒಂದು ವಿನಾಯಿತಿ ಇದೆ. ಬುಧವಾರ ಕಳಿಸುತ್ತೇನೆ ಎಂದ ವರ್ತಕ ತನ್ನ ತಪ್ಪಿನಿಂದಲೇ ಶುಕ್ರವಾರಕ್ಕೆ ತಳ್ಳಿದ, ಗುರುವಾರ ಬೆಂಕಿ ಬಿತ್ತು ಅಂದುಕೊಳ್ಳಿ. ಆಗ ಒಡೆತನ ಕೊಂಡವನದ್ದಾದರೂ ಭಾರ ವರ್ತಕನ ತಲೆಗೆ. ಅವನು ಹೊತ್ತಿಗೆ ಕಳಿಸಿದ್ದರೆ ಅಕ್ಕಿ ಸುಡುತ್ತಲೇ ಇರಲಿಲ್ಲ ಅಲ್ವಾ.

ನಿತಿನ್ (ಕೋಥ್ರೂಡ್)

ಎಲ್ಲರೂ ಬೆಂಕಿ ಹಚ್ಚಿಕೊಂಡು ಕೂತಿದ್ದೀರಿ, ಮೂಲ ಪ್ರಶ್ನೆ ಬಿಟ್ಟುಹೋಯಿತು. ನಾನೂ ಇದೇ ಪರೀಕ್ಷೆಗೆ ಓದುತ್ತಿದ್ದೇನೆ. ಉತ್ತರ ಬಿ. ನನ್ನ ನೋಟ್ಸಿನಲ್ಲಿ ಸ್ಪಷ್ಟವಾಗಿದೆ. ನಿರ್ದಿಷ್ಟ ಮಾಲು, ಒಡೆತನ ದಾಟಿದೆ, ಅಲ್ಲಿಗೆ ಕಂಡಿಷನ್ ಕೂಡ ವಾರಂಟಿಯ ಮಟ್ಟಕ್ಕೆ ಇಳಿಯುತ್ತದೆ. ಸೆಕ್ಷನ್ 13(2). ಸಾಮಾನ್ಯ ಬುದ್ಧಿಗೂ ಅದೇ ಸರಿ. ತನ್ನದೇ ವಸ್ತುವನ್ನು ಇನ್ನೊಬ್ಬನಿಗೆ ‘ವಾಪಸ್’ ಹೇಗೆ ಕೊಡ್ತಾನೆ?

ಹೆಗಡೆ (ಫೋರ್ಟ್, ಮುಂಬೈ)

ನಿತಿನ್, ನಿಮ್ಮ ನೋಟ್ಸು ಯಾವುದೋ ಹಳೇ ಪುಸ್ತಕದಿಂದ ಇಳಿದು ಬಂದಿದೆ. ಉತ್ತರಪಟ್ಟಿಯದ್ದೂ ಅದೇ ರೋಗ ಅನ್ನಿಸುತ್ತದೆ.

1930ರಲ್ಲಿ ಬರೆದಾಗ 13(2)ರಲ್ಲಿ ಎರಡು ಬಾಗಿಲು ಇದ್ದವು. ಕೊಂಡವನು ಮಾಲನ್ನು ಅಥವಾ ಅದರ ಒಂದು ಭಾಗವನ್ನು ಒಪ್ಪಿಕೊಂಡರೆ ವಾಪಸ್ ಮಾಡುವ ಹಕ್ಕು ಹೋಗುತ್ತದೆ, ಇದು ಒಂದು. ನಿರ್ದಿಷ್ಟ ಮಾಲಾಗಿದ್ದು ಒಡೆತನ ದಾಟಿದ್ದರೂ ಹಕ್ಕು ಹೋಗುತ್ತದೆ, ಇದು ಇನ್ನೊಂದು. ಈಗ ಸೆಕ್ಷನ್ 20ನ್ನು ಪಕ್ಕದಲ್ಲಿ ಇಟ್ಟು ನೋಡಿ. ನಿರ್ದಿಷ್ಟ ಮಾಲಿನ ಒಡೆತನ ಮಾತಾದ ಕ್ಷಣವೇ ದಾಟುತ್ತದೆ. ಅಂದರೆ ಕೊಂಡವನು ಮಾಲು ಬಿಚ್ಚಿ ನೋಡುವ ಮುಂಚೆಯೇ, ಅದು ಇನ್ನೂ ವರ್ತಕನ ಗೋದಾಮಿನಲ್ಲಿ ಇರುವಾಗಲೇ, ವಾಪಸ್ ಮಾಡುವ ಹಕ್ಕು ಸತ್ತುಹೋಗುತ್ತಿತ್ತು. ಕಂಡಿಷನ್ ಅಂತ ಹೆಸರಿಗೆ ಮಾತ್ರ. ಈ ಅನ್ಯಾಯ ಕಂಡೇ 1963ರ ತಿದ್ದುಪಡಿಯಲ್ಲಿ ಎರಡನೆಯ ಬಾಗಿಲನ್ನು ಕಿತ್ತುಹಾಕಿದರು. ಇಂಗ್ಲೆಂಡಿನವರೇ ತಮ್ಮ ಕಾಯ್ದೆಯಲ್ಲಿ ಇದನ್ನು 1967ರಲ್ಲಿ ಸರಿಮಾಡಿಕೊಂಡರು. ಈ ಒಂದು ವಿಷಯದಲ್ಲಿ ನಾವು ಮುಂದೆ.

ಈಗ ಉಳಿದಿರುವುದು ಒಂದೇ ಬಾಗಿಲು, ಒಪ್ಪಿಕೊಳ್ಳುವುದು. ಒಡೆತನ ಯಾವಾಗ ಬಂತು ಎಂಬುದಕ್ಕೂ ವಾಪಸ್ ಮಾಡಬಹುದಾ ಎಂಬುದಕ್ಕೂ ಈಗ ಸಂಬಂಧ ಇಲ್ಲ.

ತನ್ನದೇ ವಸ್ತು ವಾಪಸ್ ಹೇಗೆ ಅಂದಿರಿ. ತಪ್ಪು ಮಾಲು ಬಂದಾಗ ದಾಟುವ ಒಡೆತನ ಗಟ್ಟಿ ಒಡೆತನವಲ್ಲ. ನ್ಯಾಯವಾಗಿ ತಿರಸ್ಕರಿಸಿದರೆ ಅದು ಮಾರಿದವನಿಗೇ ಮರಳುತ್ತದೆ.

ನಿತಿನ್ (ಕೋಥ್ರೂಡ್)

ಕಾಯ್ದೆ ತೆಗೆದು ನೋಡಿದೆ. ಆ ಸಾಲು ನಿಜವಾಗಿಯೂ ಇಲ್ಲ. ಆದರೂ ಉತ್ತರಪಟ್ಟಿ ಬಿ ಅಂತಿದ್ದರೆ ಮಾರ್ಕು ಬಿಗೇ ಬರೋದು ಸರ್.

ಶ್ವೇತಾ (ಡೊಂಬಿವಲಿ)

ಅದೇ ನನ್ನ ಗೋಳು! ಹೆಗಡೆ ಸರ್, ಒಂದು ಅನುಮಾನ. ‘ಮಾಲಿನ ಒಂದು ಭಾಗ ಒಪ್ಪಿಕೊಂಡರೂ ಹಕ್ಕು ಹೋಗುತ್ತದೆ’ ಅಂದಿರಿ. ಪ್ರಶ್ನೆಯಲ್ಲಿ ಅವನು ಒಂದು ಮೂಟೆ ಬಿಚ್ಚಿ ಬೇಯಿಸಿದ್ದಾನೆ. ಬೇಯಿಸಿ ಬಡಿಸಿದ್ದನ್ನು ವಾಪಸ್ ಕೊಡೋಕೆ ಆಗಲ್ಲ. ಅದು ಒಂದು ಭಾಗ ಒಪ್ಪಿಕೊಂಡ ಹಾಗೆ ಆಗಲಿಲ್ವಾ?

ಶೆಟ್ಟಿ (ಮುಲುಂಡ್)

ಈ ಪ್ರಶ್ನೆ ನನ್ನ ಹೋಟೆಲಿನಲ್ಲೇ ನಡೆದದ್ದು ಮಾರಾಯ್ರೆ. ಹಳೆ ಅಕ್ಕಿ ಅಂತ ಮೂಟೆಗಟ್ಟಲೆ ತರಿಸಿದೆ. ಅಂಗಡಿಯ ಹೆಸರು ಬೇಡ. ಆಗ ಸ್ಟೋರಿನಲ್ಲಿ ಮುಂಚಿನ ಸ್ಟಾಕ್ ಇನ್ನೂ ಇತ್ತು. ಅದು ಮುಗಿಯುವವರೆಗೆ ಹೊಸದನ್ನು ಮುಟ್ಟಲೇ ಇಲ್ಲ. ಒಂದು ತಿಂಗಳ ಮೇಲೆ ಬಿಚ್ಚಿದರೆ ಅನ್ನ ಅಂಟು ಅಂಟು. ಹಳೆ ಅಕ್ಕಿ ಆದರೆ ನೀರು ಕುಡಿದು ಚೆನ್ನಾಗಿ ಒದಗುತ್ತದೆ, ಉದುರುದುರಾಗಿ ನಿಲ್ಲುತ್ತದೆ. ಊಟದ ಹೋಟೆಲಿಗೆ ಲೆಕ್ಕಾಚಾರ ನಿಂತಿರೋದೇ ಅದರ ಮೇಲೆ. ಇದರಲ್ಲಿ ಅದೇ ಅಳತೆಗೆ ಊಟ ಕಡಿಮೆ ಬಂತು, ಗಿರಾಕಿಗಳೂ ಬೈದರು.

ನಮ್ಮ ಭಟ್ರು ನೀರು ಕಡಿಮೆ ಮಾಡಿ ಹೇಗೋ ಸುಧಾರಿಸೋಣ ಅಂದರು. ಹಾಗೇ ಅರ್ಧದಷ್ಟು ಖಾಲಿಯಾಯಿತು. ಆಮೇಲೆ ಫೋನ್ ಮಾಡಿದರೆ ವರ್ತಕ ಹೇಳಿದ್ದು ಒಂದೇ ಮಾತು. ಶೇಠ್, ವಾಂಧಾ ಇದ್ದರೆ ಮಾಲು ಬಂದ ದಿನ ಹೇಳಬೇಕಿತ್ತು. ಕೊನೆಗೆ ಬಿಲ್ಲಿನಲ್ಲಿ ಏನೋ ಸ್ವಲ್ಪ ಮುರಿದ. ನನಗೆ ಸಮಾಧಾನ ಆಗಿಲ್ಲ. ಈಗ ಕೋರ್ಟಿಗೆ ಹೋದರೆ ಪೂರ್ತಿ ದುಡ್ಡು ಬರುತ್ತಾ?

ಕಾಮತ್ (ವಾಶಿ, ದಾಣಾ ಮಾರ್ಕೆಟ್)

ಶೆಟ್ರೇ, ಬೇಜಾರು ಮಾಡ್ಕೋಬೇಡಿ, ವರ್ತಕ ಹೇಳಿದ್ದು ಮಾರ್ಕೆಟಿನ ರೀತಿಯೇ. ಮಾಲು ಇಳಿಸುವಾಗಲೇ ಗೋಣಿಗೆ ಪರ್ಖಿ ಚುಚ್ಚಿ ನಾಲ್ಕಾರು ಮೂಟೆಯಿಂದ ಕಾಳು ತೆಗೆದು ನೋಡಬೇಕು. ಹಳೆಯದೋ ಹೊಸದೋ ಅಂತ ಕಣ್ಣಿಗೆ ಗೊತ್ತಾಗದಿದ್ದರೆ ಒಂದು ಲೋಟ ಅಕ್ಕಿ ಬೇಯಿಸಿದರೆ ಸಾಕು. ಹೊಸ ಅಕ್ಕಿ ಆದರೆ ಗಂಜಿ ಮಂದ ಬರುತ್ತೆ, ಅನ್ನ ಅಂಟುತ್ತೆ. ಇಡೀ ಮೂಟೆ ಯಾಕೆ ಬೇಯಿಸಬೇಕು?

ಹೆಗಡೆ (ಫೋರ್ಟ್, ಮುಂಬೈ)

ಶ್ವೇತಾಗೆ ಮೊದಲು ಉತ್ತರ ಕೊಡುತ್ತೇನೆ. ಶೆಟ್ರ ಉತ್ತರ ಅದರಲ್ಲೇ ಬರುತ್ತದೆ.

ಒಪ್ಪಿಕೊಂಡ ಹಾಗೆ ಆಗುವುದು ಮೂರು ರೀತಿಯಲ್ಲಿ. ಒಪ್ಪಿದೆ ಅಂತ ಬಾಯಿಬಿಟ್ಟು ಹೇಳುವುದು. ಮಾಲು ಕೈಗೆ ಬಂದ ಮೇಲೆ, ಅದು ಇನ್ನು ಮಾರಿದವನದ್ದಲ್ಲ ಎಂಬಂತೆ ಏನಾದರೂ ಮಾಡುವುದು. ಅಥವಾ ಬೇಡ ಅಂತ ಹೇಳದೆ ಸಾಕಷ್ಟು ಕಾಲ ಇಟ್ಟುಕೊಂಡು ಕೂರುವುದು. ಅದರ ಜೊತೆಗೆ, ಮುಂಚೆ ಪರೀಕ್ಷೆ ಮಾಡದ ಮಾಲನ್ನು ಬಂದ ಮೇಲೆ ನೋಡಿಕೊಳ್ಳಲು ನ್ಯಾಯವಾದ ಅವಕಾಶ ಸಿಗುವವರೆಗೆ ಒಪ್ಪಿಕೊಂಡ ಹಾಗೆ ಎಣಿಸುವಂತಿಲ್ಲ ಅಂತ ಸೆಕ್ಷನ್ 41 ಹೇಳುತ್ತದೆ. ಅಕ್ಕಿಯನ್ನು ನೋಡುವುದು ಅಂದರೆ ಬೇಯಿಸಿ ನೋಡುವುದೇ. ಗೋದಾಮಿನಲ್ಲಿ ಹೊಲಿದ ಮೂಟೆ ಹೊರಗಿನಿಂದ ನೋಡಿದ್ದನ್ನು ಪರೀಕ್ಷೆ ಅನ್ನಲಾಗುವುದಿಲ್ಲ.

ಹಾಗಾಗಿ ಪ್ರಶ್ನೆ ಇಷ್ಟು. ಒಂದು ಮೂಟೆ ಪರೀಕ್ಷೆಯೋ, ಬಳಕೆಯೋ? ಪ್ರಶ್ನೆಯ ಮಾತುಗಳಲ್ಲಿ ‘ಬಿಚ್ಚಿ ಅನ್ನ ಮಾಡಿದರೆ ಮುದ್ದೆ’ ಅಂತಿದೆ. ಮೊದಲ ಹಂಡೆಯಲ್ಲೇ ಗೊತ್ತಾಗಿ ಅಲ್ಲೇ ನಿಲ್ಲಿಸಿದ ಅಂತ ನಾನು ಓದುತ್ತೇನೆ. ಅದು ಪರೀಕ್ಷೆ. ಆದ್ದರಿಂದ ಸಿ.

ಶೆಟ್ರೇ, ನಿಮ್ಮದರಲ್ಲಿ ತಿಂಗಳು ಕಳೆದಿದೆ. ಅದಕ್ಕಿಂತ ದೊಡ್ಡ ತೊಡಕು, ಗೊತ್ತಾದ ಮೇಲೂ ಅರ್ಧ ಬಡಿಸಿದ್ದೀರಿ. ಮಾರಿದವನ ವಸ್ತು ಅಂತ ಎತ್ತಿಟ್ಟವರು ಅದನ್ನು ಗಿರಾಕಿಗೆ ಬಡಿಸುವುದಿಲ್ಲ. ವಾಪಸ್ ಮಾಡುವ ಹಕ್ಕು ಹೋಗಿದೆ. ಆದರೆ ನಷ್ಟ ಕೇಳುವ ಹಕ್ಕು ಪೂರ್ತಿ ಇದೆ. ಅದನ್ನು ವರ್ತಕ ದಾನವಾಗಿ ಕೊಟ್ಟದ್ದಲ್ಲ.

ಶೆಟ್ಟಿ (ಮುಲುಂಡ್)

ಎಷ್ಟು ಕೇಳಬಹುದು ಸರ್? ಅವನು ಮುರಿದದ್ದು ಸರಿಯೋ ತಪ್ಪೋ ಅಂತಲಾದರೂ ಗೊತ್ತಾಗಲಿ.

ಹೆಗಡೆ (ಫೋರ್ಟ್, ಮುಂಬೈ)

ಪ್ರಶ್ನೆಯ ಲೆಕ್ಕದಲ್ಲೇ ನೋಡೋಣ. 40 ಮೂಟೆ, ಮೂಟೆಗೆ 25 ಕಿಲೋ ಅಂದುಕೊಳ್ಳಿ. ಒಟ್ಟು 1,000 ಕಿಲೋ, ಬೆಲೆ 62,000. ಅಂದರೆ ಹಳೆ ಅಕ್ಕಿಗೆ ಕಿಲೋಗೆ 62. ಮಾಲು ಕೈಗೆ ಬಂದ ದಿನ ಅದೇ ಜಾತಿಯ ಹೊಸ ಅಕ್ಕಿಗೆ ಮಾರ್ಕೆಟಿನಲ್ಲಿ 54 ಇತ್ತು ಅಂತಿಟ್ಟುಕೊಳ್ಳಿ. ವ್ಯತ್ಯಾಸ 8 ರೂಪಾಯಿ, ಒಟ್ಟು 8,000. ಹಣ ಇನ್ನೂ ಕೊಟ್ಟಿಲ್ಲವಾದರೆ 8,000 ಹಿಡಿದುಕೊಂಡು 54,000 ಕೊಡಬಹುದು. ಅದಕ್ಕೆ ಕೋರ್ಟಿಗೆ ಹೋಗಬೇಕಿಲ್ಲ, ವರ್ತಕ ದಾವೆ ಹಾಕಿದರೆ ಇದನ್ನೇ ಉತ್ತರವಾಗಿ ಹೇಳಬಹುದು. ಸೆಕ್ಷನ್ 59. ಗಿರಾಕಿ ಬೈದದ್ದು, ಊಟ ಕಡಿಮೆ ಬಂದದ್ದು ಕೇಳಬೇಕಾದರೆ, ಇದು ಊಟದ ಹೋಟೆಲಿಗೆ ಅಂತ ವರ್ತಕನಿಗೆ ಗೊತ್ತಿತ್ತು ಎಂದೂ ಎಷ್ಟು ನಷ್ಟವಾಯಿತು ಎಂದೂ ತೋರಿಸಬೇಕು.

ಅದೇ ಹೋಟೆಲಿನವನು ಸರಿಯಾದ ಹೊತ್ತಿಗೆ ತಿರಸ್ಕರಿಸಿದ್ದರೆ ಒಂದು ಪೈಸೆ ಕೊಡಬೇಕಿಲ್ಲ. ಮೂಟೆಗಳನ್ನು ವಾಶಿಗೆ ಹೊತ್ತುಕೊಂಡು ಹೋಗಬೇಕಾಗಿಯೂ ಇಲ್ಲ. ‘ಬೇಡ, ತೆಗೆದುಕೊಂಡು ಹೋಗಿ’ ಅಂತ ತಿಳಿಸಿದರೆ ಸಾಕು.

ಪಾಟೀಲ (ಪುಣೆ)

ಒಂದು ನಿಮಿಷ. ‘ಹಳೆಯದು’ ಅನ್ನೋದು ಕಂಡಿಷನ್ ಅಂತ ಯಾರು ಹೇಳಿದರು? ಅಂಗಡಿಯವರು ಎಲ್ಲವನ್ನೂ ಹೊಗಳ್ತಾರೆ. ಮಾವಿನ ಹಣ್ಣಿನವನು ಎಲ್ಲವನ್ನೂ ರತ್ನಾಗಿರಿ ಹಾಪೂಸ್ ಅಂತಾನೆ. ನನ್ನ ಪ್ರಕಾರ ಎ ಕೂಡ ತಪ್ಪಲ್ಲ. ಅಕ್ಕಿ ಅಕ್ಕಿನೇ. ಹೊಸದೂ ತಿನ್ನೋಕೆ ಬರುತ್ತೆ.

ಹೆಗಡೆ (ಫೋರ್ಟ್, ಮುಂಬೈ)

ಅರ್ಧ ಸರಿ. ಹೊಸ ಅಕ್ಕಿ ಮಾರಾಟಕ್ಕೆ ಯೋಗ್ಯ ಮಾಲೇ. ಹಾಗಾಗಿ ‘ಮಾಲು ಕೆಟ್ಟದ್ದು’ ಅಂತ ವಾದ ಮಾಡಿದರೆ ಹೋಟೆಲಿನವನು ಸೋಲುತ್ತಾನೆ. ಅವನು ಹಿಡಿಯಬೇಕಾದದ್ದು ವರ್ಣನೆಯನ್ನು. ಬಿಲ್ಲಿನಲ್ಲೇ ‘ಒಂದು ವರ್ಷ ಹಳೆಯದು’ ಅಂತ ಬರೆದಿದೆ. ಅದರ ಮೇಲೇ ಬೆಲೆ ನಿಂತಿದೆ. ಹೊಸದಾಗಿದ್ದರೆ ಅವನು ಕೊಳ್ಳುತ್ತಲೇ ಇರಲಿಲ್ಲ. ಇಂಥ ವರ್ಣನೆಗೆ ಮಾಲು ಹೊಂದಬೇಕು ಎಂಬುದು ಸೆಕ್ಷನ್ 15ರಲ್ಲಿ ಕಂಡಿಷನ್. ‘ಒಳ್ಳೇ ಅಕ್ಕಿ, ಏ ಒನ್ ಮಾಲು’ ಅಂದಿದ್ದರೆ ಅದು ಹೊಗಳಿಕೆ, ನಿಮ್ಮ ಮಾತು ನಿಲ್ಲುತ್ತಿತ್ತು. ಬಿಲ್ಲಿನಲ್ಲಿ ‘ವಾರಂಟಿ’ ಅಂತಲೇ ಬರೆದಿದ್ದರೂ ಅದು ಕಂಡಿಷನ್ ಆಗಿರಬಹುದು. ಇಡೀ ವ್ಯವಹಾರ ಓದಿ ಕೋರ್ಟು ತೀರ್ಮಾನಿಸುತ್ತದೆ.

ಪಾಟೀಲ (ಪುಣೆ)

ಸರಿ. ಆದರೆ ಒಡೆತನ ಬಾಯಿಮಾತಿನಲ್ಲೇ ದಾಟುತ್ತೆ ಅನ್ನೋದು ನನಗೆ ಇನ್ನೂ ಒಗ್ಗುತ್ತಿಲ್ಲ. ಸೆಕೆಂಡ್ ಹ್ಯಾಂಡ್ ಬೈಕಿಗೆ ಆರ್‌ಸಿ ಹೆಸರು ಬದಲಾಗುವವರೆಗೆ ನಾನೇ ಮಾಲೀಕ. ಆರ್‌ಟಿಓದಲ್ಲಿ ಫಾರಂ 29, 30 ಸುಮ್ನೆ ಇಟ್ಟಿದ್ದಾರಾ?

ಹೆಗಡೆ (ಫೋರ್ಟ್, ಮುಂಬೈ)

ಸುಮ್ನೆ ಇಟ್ಟಿಲ್ಲ. ಮಾರಿದವನಿಗೂ ಕೊಂಡವನಿಗೂ ನಡುವೆ ಬೈಕಿನ ಒಡೆತನವೂ ಇದೇ ಕಾಯ್ದೆಯಂತೆ ದಾಟುತ್ತದೆ. ಆದರೆ ಅಪಘಾತವಾಗಿ ಮೂರನೆಯವನಿಗೆ ಪರಿಹಾರ ಕೊಡಬೇಕಾದಾಗ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಾರಿದ ಬೈಕಿನ ಆರ್‌ಸಿ ನಿಮ್ಮ ಹೆಸರಲ್ಲೇ ಇದ್ದರೆ ಇವತ್ತೇ ಹೋಗಿ ಫಾರಂ ಕೊಡಿ.

ನಿತಿನ್ (ಕೋಥ್ರೂಡ್)

ಆ ಬೈಕು ಕಳವಿನದ್ದಾಗಿದ್ದರೆ ಸರ್? ಕೊಂಡವನು ನಾಲ್ಕು ತಿಂಗಳು ಓಡಿಸಿದ್ದಾನೆ. ನೀವು ಹೇಳಿದ ಪ್ರಕಾರ ಒಪ್ಪಿಕೊಂಡ ಹಾಗೆ. ನಷ್ಟ ಮಾತ್ರನಾ?

ಹೆಗಡೆ (ಫೋರ್ಟ್, ಮುಂಬೈ)

ಅಲ್ಲ, ಪೂರ್ತಿ ಹಣ. 1923ರ ರೋಲಂಡ್ ಮತ್ತು ಡಿವಾಲ್ ಕೇಸು ಓದಿ. ಕಾರು ಕೊಂಡವನು ತಿಂಗಳುಗಟ್ಟಲೆ ಬಳಸಿದ್ದ. ಅದು ಕಳವಿನದ್ದು ಅಂತ ಪೊಲೀಸರು ಒಯ್ದರು. ಬಳಸಿದ್ದಕ್ಕೆ ಒಂದು ಪೈಸೆ ಕಳೆಯದೆ ಪೂರ್ತಿ ಬೆಲೆ ವಾಪಸ್ ಬಂತು. ಅವನು ಕೊಂಡದ್ದು ಒಡೆತನವನ್ನು, ಅದೇ ಅವನಿಗೆ ಸಿಗಲಿಲ್ಲ. ಸಿಗದೇ ಇದ್ದದ್ದನ್ನು ಒಪ್ಪಿಕೊಳ್ಳುವುದು ಹೇಗೆ?

ರಾವ್ (ಗಿರ್‌ಗಾಂವ್)

ನಾನು ಝವೇರಿ ಬಜಾರಿನಲ್ಲಿ ಅಕೌಂಟ್ಸ್ ನೋಡುತ್ತೇನೆ. ನಮ್ಮಲ್ಲಿ ಮಾಲು ಹೋಗೋದೇ ಜಾಂಗಡ್ ಚೀಟಿಯ ಮೇಲೆ. ದಲಾಲ್ ಹಾರ ಒಯ್ಯುತ್ತಾನೆ, ಗಿರಾಕಿಗೆ ತೋರಿಸುತ್ತಾನೆ, ಇಷ್ಟವಾದರೆ ಬಿಲ್ಲು, ಇಲ್ಲದಿದ್ದರೆ ವಾಪಸ್. ಒಯ್ದವನು ಹಾರವನ್ನು ಎಲ್ಲೋ ಗಿರವಿ ಇಟ್ಟುಬಿಟ್ಟರೆ ಅದು ಯಾರದ್ದು?

ಹೆಗಡೆ (ಫೋರ್ಟ್, ಮುಂಬೈ)

ಚೀಟಿಯಲ್ಲಿ ಏನು ಬರೆದಿದೆ ಎಂಬುದರ ಮೇಲೆ. ಬರೀ ‘ಇಷ್ಟವಾದರೆ ಇಟ್ಟುಕೊಳ್ಳಿ’ ಅಂತ ಕೊಟ್ಟಿದ್ದರೆ ಗಿರವಿ ಇಟ್ಟ ಕ್ಷಣ ಅವನು ಕೊಂಡ ಹಾಗೆ. ಒಡೆತನ ಅವನಿಗೆ ದಾಟಿ, ಗಿರವಿ ಹಿಡಿದವನು ಉಳಿಯುತ್ತಾನೆ. ನಿಮ್ಮ ಸೇಠ್‌ಗೆ ಬೆಲೆ ಕೇಳುವ ಹಕ್ಕು ಮಾತ್ರ. 1897ರ ಒಡವೆ ಕೇಸಿನಲ್ಲಿ ಹೀಗೇ ಆಯಿತು. ‘ಬಿಲ್ಲಾಗುವವರೆಗೆ ಮಾಲು ನಮ್ಮದೇ’ ಅಂತ ಚೀಟಿಯಲ್ಲಿ ಅಚ್ಚಾಗಿದ್ದರೆ ಕಥೆಯೇ ಬೇರೆ. 1906ರ ಇನ್ನೊಂದು ಕೇಸಿನಲ್ಲಿ ಅಂಥ ಸಾಲು ಇದ್ದುದರಿಂದ ಒಡವೆಯವನೇ ಗೆದ್ದ. ನಿಮ್ಮ ಚೀಟಿಯ ಕೆಳಗಿನ ಸಣ್ಣ ಅಕ್ಷರ ಓದಿ ನೋಡಿ.

ರಾವ್ (ಗಿರ್‌ಗಾಂವ್)

ಗುಜರಾತಿಯಲ್ಲಿದೆ. ನಾಳೆ ಓದಿಸ್ತೀನಿ.

ಶ್ವೇತಾ (ಡೊಂಬಿವಲಿ)

ಸರ್, ಕೊನೆಯದು ಒಂದು. ಬೆಂಕಿಯನ್ನೂ ತಪ್ಪು ಮಾಲನ್ನೂ ಸೇರಿಸಿದರೆ? ಮಾತಾದ ಮರುದಿನ, ಕಳಿಸುವ ಗಡುವಿನ ಒಳಗೇ, ಗೋದಾಮಿನಲ್ಲಿ 40 ಮೂಟೆಯೂ ಸುಟ್ಟುಹೋಯಿತು. ಒಡೆತನ ಹೋಟೆಲಿನವನದ್ದು, ನಷ್ಟವೂ ಅವನದ್ದು. ಆದರೆ ಅದು ಹೊಸ ಅಕ್ಕಿ. ಸುಡದಿದ್ದರೆ ಅವನು ವಾಪಸ್ ಮಾಡುತ್ತಿದ್ದ. ಈಗ 62,000 ಕೊಡಬೇಕಾ?

ನಿತಿನ್ (ಕೋಥ್ರೂಡ್)

ಕೊಡಬೇಕು. ತಿರಸ್ಕರಿಸುವವರೆಗೆ ಒಡೆತನ ಅವನದ್ದೇ. ಸುಟ್ಟ ಮೇಲೆ ತಿರಸ್ಕರಿಸಲು ಏನು ಉಳಿದಿದೆ?

ಹೆಗಡೆ (ಫೋರ್ಟ್, ಮುಂಬೈ)

ನಾನು ಹೋಟೆಲಿನವನ ಪರ ನಿಲ್ಲುತ್ತೇನೆ. ಕಂಡಿಷನ್ ಮುರಿದದ್ದು ಬೆಂಕಿಗೆ ಮುಂಚೆ. ಬೇಡ ಅನ್ನಲು ಅವನಿಗೆ ಅವಕಾಶವೇ ಸಿಕ್ಕಿಲ್ಲ. ತಪ್ಪು ಮಾಲು ಇಟ್ಟ ವರ್ತಕನನ್ನು ಬೆಂಕಿ ಯಾಕೆ ಕಾಪಾಡಬೇಕು? ಆದರೆ ನಿತಿನ್ ಹೇಳಿದ ವಾದವನ್ನೂ ಎದುರು ವಕೀಲ ಗಂಭೀರವಾಗಿಯೇ ಮಾಡುತ್ತಾನೆ. ಇಂಥದ್ದನ್ನು ನಾಲ್ಕು ಆಯ್ಕೆಯ ಪ್ರಶ್ನೆ ಮಾಡಬಾರದು.

ನಿತಿನ್ (ಕೋಥ್ರೂಡ್)

ಒಪ್ಪಲ್ಲ ಸರ್. ನಷ್ಟದ ಭಾರ ಒಡೆತನದ ಜೊತೆ ಅಂತ ನೀವೇ ಹೇಳಿದ್ದು.

ಕಾಮತ್ (ವಾಶಿ, ದಾಣಾ ಮಾರ್ಕೆಟ್)

ವಾದ ಇರಲಿ, ಸುಟ್ಟ ಅಕ್ಕಿ ಹೊಸದಾಗಿತ್ತು ಅಂತ ತೋರಿಸೋದು ಹೇಗೆ? ಆ ಮೂಟೆಗಳಿಂದ ಸೌದಾ ಆಗುವಾಗಲೇ ತೆಗೆದ ನಮೂನೆ ಇದ್ದರೆ ಮಾತ್ರ. ಎರಡು ಪೊಟ್ಟಣ ಮಾಡಿ, ಒಂದು ಕೊಂಡವರ ಹತ್ತಿರ, ಒಂದು ದಲಾಲ್ ಹತ್ತಿರ ಇಡಿ. ಪೊಟ್ಟಣದ ಬಾಯಿ ಮುಚ್ಚಿ, ಮುಚ್ಚಿದ ಜಾಗದ ಮೇಲೇ ಇಬ್ಬರೂ ತಾರೀಖು ಹಾಕಿ ಸಹಿ ಮಾಡಬೇಕು. ಬೆಂಕಿ ಬೀಳದಿದ್ದರೂ ಇದು ಉಪಯೋಗಕ್ಕೆ ಬರುತ್ತೆ. ಬಂದ ಮಾಲು ನಮೂನೆಗೆ ಕೂಡಲಿಲ್ಲ ಅಂದರೆ ವಾದಕ್ಕೆ ಜಾಗವೇ ಇರೋದಿಲ್ಲ.

ಹೆಗಡೆ (ಫೋರ್ಟ್, ಮುಂಬೈ)

ಸರಿ. ಆದರೆ ಬಿಲ್ಲಿನಲ್ಲಿ ‘ಒಂದು ವರ್ಷ ಹಳೆಯದು’ ಎಂಬುದನ್ನೂ ಬಿಡಬೇಡಿ. ನಮೂನೆಯೂ ವರ್ಣನೆಯೂ ಎರಡೂ ಇದ್ದರೆ ಮಾಲು ಎರಡಕ್ಕೂ ಹೊಂದಬೇಕು. ನಮೂನೆಯೇ ಹೊಸ ಅಕ್ಕಿಯಾಗಿದ್ದು, ಅದಕ್ಕೆ ಮಾಲು ಸರಿಯಾಗಿ ಕೂಡಿತು ಅಂತ ವರ್ತಕ ತಪ್ಪಿಸಿಕೊಳ್ಳುವಂತಿಲ್ಲ.

ಶೆಟ್ಟಿ (ಮುಲುಂಡ್)

ಕಾಮತ್ರೇ, ಪೊಟ್ಟಣಕ್ಕೆ ಎಷ್ಟು ಅಕ್ಕಿ ತೆಗೆಯೋದು? ಬೇಯಿಸಿ ನೋಡಲು ಸಾಕಾಗಬೇಕಲ್ಲ.

ಕಾಮತ್ (ವಾಶಿ, ದಾಣಾ ಮಾರ್ಕೆಟ್)

ಅರ್ಧ ಕಿಲೋ ಇರಲಿ ಶೆಟ್ರೇ. ಒಂದೇ ಮೂಟೆಯಿಂದ ಬೇಡ, ನಾಲ್ಕೈದು ಮೂಟೆಗೆ ಪರ್ಖಿ ಹಾಕಿ ತೆಗೆದು ಕಲಸಿ ತುಂಬಿ. ಮೇಲಿನ ಸಾಲಿನ ಮೂಟೆ ಬಿಟ್ಟು ಕೆಳಗಿನದ್ದನ್ನೂ ಚುಚ್ಚಿ. ಮೇಲೆ ಹಳೆಯದು, ಕೆಳಗೆ ಹೊಸದು ಇಡುವವರೂ ಇದ್ದಾರೆ.